ಅಸಲು ಬರಲೆಂದು ಕಾಯುವ ಷೇರು, ಲಾಭ ಕಂಡೊಡನೆ ಮಾರುವ ಷೇರು

ಪ್ರಶ್ನೆ: ದಾವಣಗೆರೆಯ ಮಂಡಿಪೇಟೆಯಲ್ಲಿ ನನ್ನದೊಂದು ಬಟ್ಟೆ ಅಂಗಡಿ ಇದೆ ಸರ್. ಆರು ಕಂಪನಿಗಳ ಷೇರು ಕೊಂಡಿದ್ದೆ. ಔಷಧ ಕಂಪನಿಯ 200 ಷೇರನ್ನು 500ಕ್ಕೆ ಕೊಂಡು, ಏಳು ತಿಂಗಳಿಗೆ 590 ಆದಾಗ ಮಾರಿದೆ. ಈಗ ಅದು 840. ವಿದ್ಯುತ್ ಉಪಕರಣದ ಇನ್ನೊಂದು ಕಂಪನಿಯಲ್ಲೂ ಕೆಲವೇ ತಿಂಗಳಲ್ಲಿ 15 ಸಾವಿರ ಲಾಭ ಕಂಡ ಕೂಡಲೇ ಹೊರಬಂದೆ. ಆದರೆ ರಸ್ತೆ ಗುತ್ತಿಗೆ ಕಂಪನಿಯ 400 ಷೇರು ಒಂದೂವರೆ ವರ್ಷದ ಹಿಂದೆ 250ಕ್ಕೆ ಕೊಂಡದ್ದು, ಐದು ತಿಂಗಳ ಹಿಂದೆ 180 ಆದಾಗ ಇನ್ನೂ 200 ಸೇರಿಸಿದೆ, ಈಗ 140ಕ್ಕೆ ಬಂದಿದೆ. ಅಸಲು ಬಂದ ದಿನ ಮಾರಿಬಿಡೋಣ ಅಂದುಕೊಂಡಿದ್ದೇನೆ. ಲಾಭದ್ದನ್ನು ಬೇಗ ಮಾರುತ್ತೇನೆ, ನಷ್ಟದ್ದನ್ನು ಮಾರಲು ಮನಸ್ಸೇ ಬರುವುದಿಲ್ಲ. ಈ ಚಾಳಿ ಬಿಡುವುದು ಹೇಗೆ? ಖಾತೆಯ ವಿವರವನ್ನೂ ಜೊತೆಗೆ ಕಳುಹಿಸಿದ್ದೇನೆ.

ಉತ್ತರ: ಮೊದಲು ಗುತ್ತಿಗೆ ಕಂಪನಿಯ ಲೆಕ್ಕವನ್ನೇ ನೋಡೋಣ. ನೀವು ಮೊದಲ ಸಲ ಹಾಕಿದ್ದು 1,00,000 ರೂಪಾಯಿ, ಆಮೇಲೆ ಸೇರಿಸಿದ್ದು 36,000. ಒಟ್ಟು 600 ಷೇರಿಗೆ 1,36,000 ಆಯಿತು, ಸರಾಸರಿ ಸುಮಾರು 227 ರೂಪಾಯಿ. ಇಂದಿನ ದರದಲ್ಲಿ ಅವೆಲ್ಲದರ ಬೆಲೆ 84,000. ಅಸಲು ಹುಟ್ಟಬೇಕಾದರೆ ಈ ಷೇರು ಇಲ್ಲಿಂದ ಶೇ 62ರಷ್ಟು ಏರಬೇಕು. ವರ್ಷಕ್ಕೆ ಶೇ 12ರಂತೆ ಒಂದು ವರ್ಷವೂ ತಪ್ಪದೆ ಬೆಳೆದರೂ ಅದಕ್ಕೆ ನಾಲ್ಕು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಅಸಲು ಬಂದ ದಿನ ಮಾರೋಣ ಎಂಬ ಮಾತು ಎಚ್ಚರಿಕೆಯ ಮಾತಿನಂತೆ ಕೇಳಿಸುತ್ತದೆ. ಆದರೆ ನಿಮ್ಮ ಬಳಿ ಉಳಿದಿರುವ 84,000 ರೂಪಾಯಿಯನ್ನು ಇದೊಂದೇ ಕಂಪನಿ ಶೇ 62ರಷ್ಟು ಬೆಳೆಸಿಕೊಡುತ್ತದೆ ಎಂದು ಪಣ ಕಟ್ಟಿದರೆ ಮಾತ್ರ ಆ ಮಾತಿಗೆ ಅರ್ಥ ಬರುತ್ತದೆ. ಇಂದು ಹೊಸದಾಗಿ ಅಂಥ ಪಣ ಕಟ್ಟಲು ಯಾರಾದರೂ ಹೇಳಿದರೆ ನೀವು ಹತ್ತು ಸಲ ಯೋಚಿಸುತ್ತೀರಿ. ನಷ್ಟದಲ್ಲಿರುವಾಗ ಯೋಚಿಸದೆಯೇ ಒಪ್ಪಿಕೊಂಡಿದ್ದೀರಿ.

ಈ ನಡವಳಿಕೆಗೆ ಹಣಕಾಸು ಶಾಸ್ತ್ರದಲ್ಲಿ ಡಿಸ್ಪೊಸಿಷನ್ ಎಫೆಕ್ಟ್ ಎಂಬ ಹೆಸರಿದೆ. ಹರ್ಷ್ ಶೆಫ್ರಿನ್ ಮತ್ತು ಮೆಯರ್ ಸ್ಟಾಟ್‌ಮನ್ ಎಂಬ ಇಬ್ಬರು 1985ರಲ್ಲಿ ಇದನ್ನು ಗುರುತಿಸಿ ಹೆಸರಿಟ್ಟರು. ಆದರೆ ಇದು ಎಷ್ಟರ ಮಟ್ಟಿಗೆ ನಡೆಯುತ್ತದೆ ಎಂದು ಖಾತೆಗಳನ್ನು ತೆರೆದು ಎಣಿಸಿದವರು ಟೆರೆನ್ಸ್ ಓಡಿಯನ್. ಅಮೆರಿಕದ ಒಂದು ಬ್ರೋಕರ್ ಸಂಸ್ಥೆಯ 10,000 ಖಾತೆಗಳಲ್ಲಿ 1987ರಿಂದ 1993ರವರೆಗೆ ನಡೆದ ವಹಿವಾಟನ್ನು ಅವರು ಪರಿಶೀಲಿಸಿ 1998ರಲ್ಲಿ ಪ್ರಕಟಿಸಿದರು. ಅವರ ಎಣಿಕೆಯ ಕ್ರಮ ಸರಳವಾಗಿರುವುದರಿಂದ ನೀವೂ ನಿಮ್ಮ ಖಾತೆಯ ಮೇಲೆ ಅದನ್ನು ಪ್ರಯೋಗಿಸಬಹುದು. ಒಬ್ಬರು ಏನನ್ನಾದರೂ ಮಾರಿದ ದಿನ ಅವರ ಖಾತೆಯಲ್ಲಿ ಲಾಭದಲ್ಲಿದ್ದ ಷೇರುಗಳು ಎಷ್ಟು, ಅವುಗಳಲ್ಲಿ ಮಾರಿದ್ದು ಎಷ್ಟು. ನಷ್ಟದಲ್ಲಿದ್ದವು ಎಷ್ಟು, ಅವುಗಳಲ್ಲಿ ಮಾರಿದ್ದು ಎಷ್ಟು ಎಂದು ಬರೆದುಕೊಳ್ಳುತ್ತಾ ಹೋಗುವುದು, ಕೊನೆಗೆ ಎರಡನ್ನೂ ಶೇಕಡಾವಾರು ಮಾಡುವುದು. ಲಾಭದಲ್ಲಿದ್ದ ಅವಕಾಶಗಳಲ್ಲಿ ಶೇ 14.8ರಷ್ಟನ್ನು ಜನ ಮಾರಿದ್ದರು, ನಷ್ಟದಲ್ಲಿದ್ದವುಗಳಲ್ಲಿ ಶೇ 9.8ರಷ್ಟನ್ನು ಮಾತ್ರ.

ನೀವು ಕಳುಹಿಸಿದ ವಿವರದಲ್ಲಿ ಎರಡು ಮಾರಾಟಗಳಿವೆ. ಔಷಧ ಕಂಪನಿಯನ್ನು ಮಾರಿದ ದಿನ ಆರರಲ್ಲಿ ನಾಲ್ಕು ಲಾಭದಲ್ಲಿದ್ದವು, ಎರಡು ನಷ್ಟದಲ್ಲಿದ್ದವು. ವಿದ್ಯುತ್ ಉಪಕರಣದ ಕಂಪನಿಯನ್ನು ಮಾರಿದ ದಿನ ಉಳಿದ ಐದರಲ್ಲಿ ಮೂರು ಲಾಭದಲ್ಲಿ, ಎರಡು ನಷ್ಟದಲ್ಲಿ. ಹೀಗೆ ಲಾಭದ ಏಳು ಅವಕಾಶಗಳಲ್ಲಿ ಎರಡನ್ನು ಬಳಸಿಕೊಂಡಿದ್ದೀರಿ, ನಷ್ಟದ ನಾಲ್ಕರಲ್ಲಿ ಒಂದನ್ನೂ ಇಲ್ಲ. ಎರಡೇ ಮಾರಾಟಗಳಿಂದ ತೀರ್ಪು ಕೊಡುವುದು ಸರಿಯಲ್ಲವಾದ್ದರಿಂದ ಬ್ರೋಕರ್‌ನಿಂದ ಹಿಂದಿನ ಮೂರ್ನಾಲ್ಕು ವರ್ಷಗಳ ಲಾಭ–ನಷ್ಟದ ಪಟ್ಟಿಯನ್ನು ತರಿಸಿಕೊಂಡು ಇದೇ ರೀತಿ ಎಣಿಸಿ ನೋಡಿ. ಒಂದು ಅಂಶವನ್ನು ಮಾತ್ರ ನೆನಪಿಡಬೇಕು: ಔಷಧ ಕಂಪನಿ ಮಾರಿದ ಮೇಲೆ 840ಕ್ಕೆ ಏರಿತು ಎಂಬುದು ನಿಮ್ಮ ತಪ್ಪಿಗೆ ಸಾಕ್ಷಿಯಲ್ಲ, ಅದು 400ಕ್ಕೆ ಇಳಿಯಲೂ ಬಹುದಾಗಿತ್ತು. ಸಾಕ್ಷಿ ಇರುವುದು ಮಾರಾಟಗಳೆಲ್ಲ ಒಂದೇ ಕಡೆಯಿಂದ ಆಗಿವೆ ಎಂಬುದರಲ್ಲಿ. ಓಡಿಯನ್ ಅವರ ಖಾತೆಗಳಲ್ಲಿ ಮಾರಿಬಿಟ್ಟ ಲಾಭದ ಷೇರುಗಳು ಮುಂದಿನ ಒಂದು ವರ್ಷದಲ್ಲಿ, ಉಳಿಸಿಕೊಂಡ ನಷ್ಟದ ಷೇರುಗಳಿಗಿಂತ ಸರಾಸರಿ 3.4 ಶೇಕಡಾ ಅಂಶದಷ್ಟು ಹೆಚ್ಚು ಗಳಿಸಿದವು. ಬಿದ್ದದ್ದು ಏಳಲೇಬೇಕು, ಎದ್ದದ್ದು ಬೀಳಲೇಬೇಕು ಎಂಬ ನಂಬಿಕೆಗೆ ಆ ಅಂಕಿ ಬೆಂಬಲ ಕೊಡುವುದಿಲ್ಲ. ಹಾಗೆಂದು ಅದು ಸಾವಿರಾರು ಖಾತೆಗಳ ಸರಾಸರಿಯೇ ಹೊರತು ನಿಮ್ಮ ಒಂದು ಷೇರಿನ ಭವಿಷ್ಯವಲ್ಲ.

ಇದು ಏಕೆ ಹೀಗಾಗುತ್ತದೆ ಎಂಬುದಕ್ಕೆ ಹೆಚ್ಚಿನವರು ಒಪ್ಪುವ ವಿವರಣೆ ಡೇನಿಯಲ್ ಕಾನ್ಮನ್ ಮತ್ತು ಏಮಾಸ್ ಟ್ವರ್ಸ್ಕಿ 1979ರಲ್ಲಿ ಮುಂದಿಟ್ಟ ಸಿದ್ಧಾಂತದಿಂದ ಹೊರಟದ್ದು. ಮನುಷ್ಯ ತನ್ನ ಸಂಪತ್ತನ್ನು ಒಟ್ಟಾಗಿ ಅಳೆಯುವುದಿಲ್ಲ, ಒಂದು ಗೆರೆ ಹಾಕಿಕೊಂಡು ಅದರ ಮೇಲೆ ಎಷ್ಟು, ಕೆಳಗೆ ಎಷ್ಟು ಎಂದು ಅಳೆಯುತ್ತಾನೆ. ಗೆರೆಯ ಮೇಲಿದ್ದಾಗ ಕೈಗೆ ಬಂದದ್ದು ಸಾಕು ಎನ್ನಿಸುತ್ತದೆ, ಗೆರೆಯ ಕೆಳಗಿದ್ದಾಗ ಇನ್ನಷ್ಟು ಹೋದರೂ ಚಿಂತೆಯಿಲ್ಲ, ಗೆರೆಗೆ ಮರಳುವ ಅವಕಾಶ ಉಳಿಯಲಿ ಎನ್ನಿಸುತ್ತದೆ. ಷೇರಿನ ವಿಷಯದಲ್ಲಿ ಆ ಗೆರೆಯೇ ಕೊಂಡ ಬೆಲೆ. 590ರ ಔಷಧ ಷೇರು ನಿಮಗೆ 500ರ ಮೇಲೆ ನಿಂತಂತೆ ಕಂಡದ್ದರಿಂದ 18,000ವನ್ನು ಭದ್ರಪಡಿಸಿಕೊಂಡಿರಿ. 140ರ ಗುತ್ತಿಗೆ ಷೇರು 227ರ ಕೆಳಗೆ ಬಿದ್ದಂತೆ ಕಾಣುವುದರಿಂದ ಇನ್ನೂ ಇಳಿಯುವ ಅಪಾಯವನ್ನು ಸಲೀಸಾಗಿ ಹೊರುತ್ತಿದ್ದೀರಿ. ಮಾರುಕಟ್ಟೆಯಲ್ಲಿ ಆ ಷೇರನ್ನು ಇಂದು ಕೊಳ್ಳುವವನಿಗೆ ನಿಮ್ಮ 227 ಗೊತ್ತಿಲ್ಲ, ಕಂಪನಿಗೂ ಗೊತ್ತಿಲ್ಲ. ಅದು ಏರುವುದಕ್ಕೂ ಇಳಿಯುವುದಕ್ಕೂ ಆ ಅಂಕಿಗೂ ಸಂಬಂಧವೇ ಇಲ್ಲ.

ಇದಕ್ಕೆ ಇನ್ನೊಂದು ಪದರವೂ ಇದೆ. ಪ್ರತಿಯೊಂದು ಖರೀದಿಗೂ ಮನಸ್ಸು ಒಂದು ಪ್ರತ್ಯೇಕ ಖಾತೆ ತೆರೆಯುತ್ತದೆ. ಮಾರುವವರೆಗೂ ಆ ಖಾತೆ ಮುಗಿದಿಲ್ಲ, ಹಾಗಾಗಿ ನಷ್ಟವೂ ಆಗಿಲ್ಲ ಎಂಬ ಸಮಾಧಾನ ಇರುತ್ತದೆ. ಮಾರಿದ ಕ್ಷಣ ಅದು ನಮ್ಮದೇ ಆಯ್ಕೆಯ ಸೋಲಾಗಿ ದಾಖಲಾಗುತ್ತದೆ. ಮ್ಯೂಚುವಲ್ ಫಂಡ್‌ಗಳಲ್ಲಿ ಇದೇ ಜನ ತದ್ವಿರುದ್ಧವಾಗಿ, ನಷ್ಟದ ಫಂಡನ್ನು ಬೇಗ ಬಿಟ್ಟುಬಿಡುತ್ತಾರೆ ಎಂದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು, ಏಕೆಂದರೆ ಅಲ್ಲಿ ತಪ್ಪನ್ನು ಹೊರಿಸಲು ಫಂಡ್ ಮ್ಯಾನೇಜರ್ ಇದ್ದಾನೆ. ನಷ್ಟದ ಹಣಕ್ಕಿಂತ ತಪ್ಪು ಮಾಡಿದೆ ಎಂಬ ಒಪ್ಪಿಗೆಯೇ ಹೆಚ್ಚು ನೋಯಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ನನಗೆ ಕಂಡಿಲ್ಲ.

ನಮ್ಮ ಎಪಿಎಂಸಿಯ ಮೆಕ್ಕೆಜೋಳದ ವರ್ತಕರಲ್ಲಿ ಈ ಚಾಳಿ ಇಷ್ಟು ಬೇರೂರುವುದಿಲ್ಲ. ಅದಕ್ಕೆ ಕಾರಣವನ್ನು ಗಮನಿಸಬೇಕು. ದರ ಕುಸಿದ ಮಾಲನ್ನು ಗೋದಾಮಿನಲ್ಲಿ ಇಟ್ಟುಕೊಂಡರೆ ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು, ಬ್ಯಾಂಕಿನ ಬಡ್ಡಿ ಓಡುತ್ತದೆ, ಹುಳು ಹಿಡಿಯುತ್ತದೆ, ತೇವ ಆರಿ ತೂಕ ಇಳಿಯುತ್ತದೆ. ಕಾಯುವುದಕ್ಕೆ ತಗಲುವ ಖರ್ಚು ಕಣ್ಣೆದುರಿಗೇ ಇರುವುದರಿಂದ ಕೊಂಡ ದರವನ್ನು ಮರೆತು ಮಾರಿ, ಆ ದುಡ್ಡನ್ನು ಮುಂದಿನ ಲಾಟಿಗೆ ಹಾಕುತ್ತಾರೆ. ಡಿಮ್ಯಾಟ್ ಖಾತೆಯಲ್ಲಿ ಬಿದ್ದಿರುವ ಷೇರು ಬಾಡಿಗೆ ಕೇಳುವುದಿಲ್ಲ, ಹುಳು ಹಿಡಿಯುವುದಿಲ್ಲ. ಅದರ ಬಾಡಿಗೆ ಏನೆಂದರೆ ಅದೇ 84,000 ಬೇರೆಡೆ ಗಳಿಸಬಹುದಾಗಿದ್ದ ಗಳಿಕೆ. ಅದು ಯಾವ ಪಟ್ಟಿಯಲ್ಲೂ ಅಚ್ಚಾಗಿ ಬರುವುದಿಲ್ಲ. ಹಾಗಾಗಿ ಕೆಳಗೆ ಹೇಳುವ ಕ್ರಮಗಳೆಲ್ಲವೂ ಒಂದೋ ಕೊಂಡ ಬೆಲೆಯನ್ನು ಕಣ್ಣಿಂದ ಮರೆಮಾಡುತ್ತವೆ, ಇಲ್ಲವೇ ಕಾಯುವುದಕ್ಕೆ ಒಂದು ಗಡುವು ಹಾಕುತ್ತವೆ.

ಮೊದಲನೆಯದು, ನಗದು ಇದ್ದಂತೆ ಭಾವಿಸಿ ನಿರ್ಧರಿಸುವುದು. ವೇಬರ್ ಮತ್ತು ಕ್ಯಾಮರರ್ ಎಂಬ ಸಂಶೋಧಕರು ನಡೆಸಿ 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪಿನವರ ಷೇರುಗಳನ್ನು ಪ್ರತಿ ಸುತ್ತಿನ ಕೊನೆಗೆ ತಾನಾಗಿಯೇ ಮಾರಿಬಿಡುವ ವ್ಯವಸ್ಥೆ ಇತ್ತು. ಬೇಕಾದವರು ಅದೇ ಬೆಲೆಗೆ ಮತ್ತೆ ಕೊಳ್ಳಬಹುದಾಗಿತ್ತು. ಕೈಯಲ್ಲಿರುವ ಅವಕಾಶ ಎರಡು ಗುಂಪಿಗೂ ಒಂದೇ ಆಗಿದ್ದರೂ, ಈ ಗುಂಪಿನಲ್ಲಿ ನಷ್ಟದ ಷೇರಿಗೆ ಅಂಟಿಕೊಳ್ಳುವ ಚಾಳಿ ಬಹಳ ಮಟ್ಟಿಗೆ ಇಳಿಯಿತು. ಮಾರುವ ನಿರ್ಧಾರವನ್ನು ಕೊಳ್ಳುವ ನಿರ್ಧಾರವನ್ನಾಗಿ ಬದಲಿಸಿದ್ದರ ಫಲ ಅದು. ನಿಮ್ಮ ಮಟ್ಟಿಗೆ ಕೇಳಬೇಕಾದ ಪ್ರಶ್ನೆ, ಇಂದು ಗಲ್ಲಾಪೆಟ್ಟಿಗೆಯಲ್ಲಿ 84,000 ನಗದು ಇದ್ದರೆ ಇದೇ ಕಂಪನಿಯ 600 ಷೇರನ್ನು ಕೊಳ್ಳುತ್ತೇನೆಯೇ ಎಂಬುದು. ಆದರೆ ಮನಸ್ಸಿನಲ್ಲೇ ಕೇಳಿಕೊಂಡರೆ ಸಾಲದು, ಏಕೆಂದರೆ ಹಳೆಯ ನಿರ್ಧಾರವನ್ನು ಸಮರ್ಥಿಸಿಕೊಳ್ಳಲು ಮನಸ್ಸು ತಕ್ಷಣ ಹೌದು ಎಂದುಬಿಡುತ್ತದೆ. ಉತ್ತರವನ್ನು ಕಾಗದದ ಮೇಲೆ, ಕಾರಣ ಸಹಿತ ಬರೆಯಬೇಕು.

ಆ ಕಾಗದದಲ್ಲಿ ಏನಿರಬೇಕು ಎಂಬುದನ್ನು ನಿಮ್ಮ ಗುತ್ತಿಗೆ ಕಂಪನಿಯ ಉದಾಹರಣೆಯಿಂದಲೇ ಹೇಳುತ್ತೇನೆ. ಮೇಲೆ ಕಂಪನಿಯ ಹೆಸರು ಮತ್ತು ಇಂದಿನ ತಾರೀಖು. ಕೆಳಗೆ ಈ ಷೇರು ಇಟ್ಟುಕೊಳ್ಳಲು ಎರಡೋ ಮೂರೋ ಕಾರಣ, ಪ್ರತಿಯೊಂದರ ಮುಂದೆ ಯಾವ ಅಂಕಿ ಕಂಡರೆ ಆ ಕಾರಣ ಬಿದ್ದುಹೋಯಿತೆಂದು ಒಪ್ಪಿಕೊಳ್ಳುತ್ತೀರಿ ಎಂಬುದು, ಮತ್ತು ಮುಂದೆ ಯಾವ ದಿನ ತೆರೆದು ನೋಡುತ್ತೀರಿ ಎಂಬುದು. ಕೊಂಡ ಬೆಲೆಗೆ ಆ ಪುಟದಲ್ಲಿ ಜಾಗ ಇರಬಾರದು. ಗುತ್ತಿಗೆ ಕಂಪನಿಗಳಲ್ಲಿ ಮೊದಲು ನೋಡಬೇಕಾದದ್ದು ಬರಬೇಕಾದ ಬಾಕಿ. ಉದಾಹರಣೆಗೆ ಎರಡು ವರ್ಷದ ಹಿಂದೆ 1,100 ಕೋಟಿ ವಹಿವಾಟಿಗೆ 300 ಕೋಟಿ ಬಾಕಿ ಇತ್ತು, ಈಗ 1,200 ಕೋಟಿಗೆ 500 ಕೋಟಿ ಬಾಕಿ ಇದೆ ಎಂದುಕೊಳ್ಳಿ. ಬಾಕಿಯನ್ನು ವಹಿವಾಟಿನಿಂದ ಭಾಗಿಸಿ 365ರಿಂದ ಗುಣಿಸಿದರೆ ಮಾಡಿದ ಕೆಲಸದ ಹಣ ಮೊದಲು ನೂರು ದಿನಕ್ಕೆ ಬರುತ್ತಿದ್ದದ್ದು ಈಗ ನೂರೈವತ್ತು ದಿನ ಮೀರಿದೆ ಎಂದು ಗೊತ್ತಾಗುತ್ತದೆ. ಲೆಕ್ಕಪತ್ರದಲ್ಲಿ ಲಾಭ ಕಾಣುತ್ತಿದ್ದರೂ ನಗದು ಬರುತ್ತಿಲ್ಲ, ಆ ಅಂತರವನ್ನು ಕಂಪನಿ ಸಾಲದಿಂದ ತುಂಬಿಸುತ್ತಿದೆ ಎಂಬುದರ ಸೂಚನೆ ಅದು. ಜೊತೆಗೆ ಒಟ್ಟು ಸಾಲ ಮತ್ತು ಪ್ರವರ್ತಕರು ತಮ್ಮ ಷೇರಿನಲ್ಲಿ ಎಷ್ಟು ಪಾಲನ್ನು ಅಡವಿಟ್ಟಿದ್ದಾರೆ ಎಂಬುದನ್ನು ನೋಡಬೇಕು. ಇವೆಲ್ಲ ಎನ್‌ಎಸ್‌ಇ ಮತ್ತು ಬಿಎಸ್‌ಇ ಜಾಲತಾಣಗಳಲ್ಲಿ ಉಚಿತವಾಗಿ ಸಿಗುತ್ತವೆ. ತ್ರೈಮಾಸಿಕ ಮುಗಿದ 21 ದಿನಗಳೊಳಗೆ ಷೇರುದಾರರ ವಿವರವನ್ನೂ, ಸಾಮಾನ್ಯವಾಗಿ 45 ದಿನಗಳೊಳಗೆ ಫಲಿತಾಂಶವನ್ನೂ ಕಂಪನಿ ಸಲ್ಲಿಸಬೇಕು. ವರ್ಷದ ಕೊನೆಯ ಫಲಿತಾಂಶಕ್ಕೆ ಮಾತ್ರ 60 ದಿನ. ನೀವು ತೆರೆದು ನೋಡುವ ದಿನವನ್ನು ಇವುಗಳಿಗೆ ಹೊಂದಿಸಿಕೊಂಡರೆ ವರ್ಷಕ್ಕೆ ನಾಲ್ಕು ಸಲ ಸಾಕು.

ಬೆಲೆ ಬಿದ್ದಿದೆ ಎಂಬುದಷ್ಟರಿಂದಲೇ ತೀರ್ಮಾನಕ್ಕೆ ಬರಬಾರದು ಎಂಬುದಕ್ಕೆ ನಮ್ಮ ಮಾರುಕಟ್ಟೆಯ ಎರಡು ಷೇರುಗಳು ಸಾಕ್ಷಿಯಾಗಿವೆ. ಯೆಸ್ ಬ್ಯಾಂಕ್ 2018ರ ಆಗಸ್ಟ್‌ನಲ್ಲಿ ಸುಮಾರು 400 ರೂಪಾಯಿ ಇತ್ತು. ಅಲ್ಲಿಂದ ಇಳಿಯುತ್ತಾ ಬಂದಾಗ 300ಕ್ಕೂ 200ಕ್ಕೂ ಸೇರಿಸಿ ಸರಾಸರಿ ಇಳಿಸಿಕೊಂಡವರು ಎಷ್ಟೋ ಜನ. 2020ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು, ಆಮೇಲೆ ಬಂದ ಪುನರ್ರಚನೆಯ ಯೋಜನೆಯಲ್ಲಿ ನೂರಕ್ಕಿಂತ ಹೆಚ್ಚು ಷೇರು ಇದ್ದವರ ಮುಕ್ಕಾಲು ಪಾಲು ಮೂರು ವರ್ಷ ಮಾರಲಾಗದಂತೆ ಕಟ್ಟಿಹಾಕಲ್ಪಟ್ಟಿತು. ಆ ಹಳೆಯ ಬೆಲೆಯ ಹತ್ತಿರಕ್ಕೂ ಷೇರು ಮತ್ತೆ ಹೋಗಲಿಲ್ಲ. ಅದೇ 2020ರ ಮಾರ್ಚ್‌ನಲ್ಲಿ ಟಾಟಾ ಮೋಟರ್ಸ್ 70 ರೂಪಾಯಿಗಿಂತ ಕೆಳಗಿಳಿದಿತ್ತು, 2024ರ ಜುಲೈಯಲ್ಲಿ 1,100 ದಾಟಿತು. ಇವೆರಡನ್ನು ಬೇರ್ಪಡಿಸಿದ್ದು ಕಂಪನಿಯ ಒಳಗಿನ ಸಂಗತಿಗಳು: ಒಂದೆಡೆ ಕೆಟ್ಟ ಸಾಲಗಳು ಬಂಡವಾಳವನ್ನು ತಿನ್ನುತ್ತಿದ್ದವು, ಇನ್ನೊಂದೆಡೆ ವಾಹನಗಳ ಮಾರಾಟ ಚೇತರಿಸಿಕೊಂಡು ಸಾಲ ಇಳಿಯಿತು. ಕೊಂಡ ಬೆಲೆ ನೋಡುತ್ತಾ ಕೂತವರಿಗೆ ಎರಡೂ ಒಂದೇ ತೆರನಾಗಿ ಕೆಂಪು ಬಣ್ಣದಲ್ಲಿ ಕಾಣುತ್ತಿದ್ದವು.

ಬೀಳುತ್ತಿರುವ ಷೇರಿಗೆ ಹಣ ಸೇರಿಸುವ ವಿಷಯದಲ್ಲಿ ನಾನು ಕಟ್ಟುನಿಟ್ಟಿನವನು. 180ರಲ್ಲಿ ನೀವು 200 ಷೇರು ಸೇರಿಸಿದಾಗ, ಅಸಲಿಗೆ ಏರಬೇಕಾದ ಪ್ರಮಾಣ ಶೇ 39ರಿಂದ ಶೇ 26ಕ್ಕೆ ಇಳಿದಂತೆ ಕಂಡು ಹಗುರವೆನಿಸಿರಬೇಕು. ಆದರೆ ಆಗ ನಿಜವಾಗಿ ನಡೆದದ್ದು ಒಂದು ಹೊಸ ಖರೀದಿ, ಅದೂ ನಿಮ್ಮ ಪಟ್ಟಿಯಲ್ಲಿ ಅತಿ ದುರ್ಬಲವಾಗಿದ್ದ ಕಂಪನಿಯಲ್ಲಿ. ಸರಾಸರಿ ಇಳಿಯಿತು, ಒಂದೇ ಕಡೆ ಸಿಕ್ಕಿಬಿದ್ದ ಹಣ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೆಳೆಯಿತು. ಮೇಲೆ ಹೇಳಿದ ಪುಟವನ್ನು ಹೊಸದಾಗಿ ಬರೆದು, ಕಾರಣಗಳೆಲ್ಲ ನಿಂತಿವೆ ಎಂದು ಖಾತ್ರಿಯಾದರೆ ಮಾತ್ರ ಸೇರಿಸಬಹುದು, ಮತ್ತು ಆ ಒಂದು ಕಂಪನಿ ಒಟ್ಟು ಹೂಡಿಕೆಯಲ್ಲಿ ನೀವು ಮೊದಲೇ ಗೊತ್ತುಮಾಡಿದ ಪಾಲನ್ನು ದಾಟಬಾರದು.

ಎರಡನೆಯ ಕ್ರಮ ಸ್ಟಾಪ್ ಲಾಸ್. ಕೊಳ್ಳುವ ದಿನವೇ, ಅಂದರೆ ನಷ್ಟದ ನೋವು ಇನ್ನೂ ಶುರುವಾಗದಿರುವಾಗ, ಮಾರುವ ಬೆಲೆಯನ್ನು ಗೊತ್ತುಮಾಡುವುದು ಇದರ ಬಲ. ಸಾಮಾನ್ಯ ಸ್ಟಾಪ್ ಲಾಸ್ ಆದೇಶ ಆ ದಿನಕ್ಕಷ್ಟೇ ಊರ್ಜಿತವಾದ್ದರಿಂದ ಹೂಡಿಕೆದಾರರಿಗೆ ಬೇಕಾದದ್ದು ಹಲವು ಬ್ರೋಕರ್‌ಗಳು ಕೊಡುವ, ಗೊತ್ತುಮಾಡಿದ ಬೆಲೆ ಮುಟ್ಟುವವರೆಗೂ ಆದೇಶವನ್ನು ಕಾಯಿಸಿಡುವ ಜಿಟಿಟಿ ಸೌಲಭ್ಯ. ಅದು ಸಾಮಾನ್ಯವಾಗಿ ಒಂದು ವರ್ಷ ಉಳಿಯುತ್ತದೆ. ಇಲ್ಲಿ ಎಡವುವ ಜಾಗಗಳು ಮೂರು. 250ಕ್ಕೆ ಕೊಂಡ ಷೇರಿಗೆ 212 ಮುಟ್ಟಿದರೆ 208ಕ್ಕೆ ಕಡಿಮೆಯಿಲ್ಲದೆ ಮಾರು ಎಂದು ಹಾಕಿದ್ದೀರಿ ಎಂದುಕೊಳ್ಳಿ. ಕೆಟ್ಟ ಫಲಿತಾಂಶದ ಮರುದಿನ ಅದು ನೇರವಾಗಿ 195ಕ್ಕೆ ತೆರೆದರೆ ಆದೇಶ ಜಾರಿಯಾಗದೆ ಹಾಗೇ ಕೂರುತ್ತದೆ. ಒಂದು ದಿನದಲ್ಲಿ ಇಳಿಯಬಹುದಾದ ಕೊನೆಯ ಮಿತಿಯಾದ ಲೋಯರ್ ಸರ್ಕಿಟ್ ಬಿದ್ದರಂತೂ ಕೊಳ್ಳುವವರೇ ಇರುವುದಿಲ್ಲ. ಎರಡನೆಯದಾಗಿ, ಡಿಮ್ಯಾಟ್‌ನಿಂದ ಷೇರು ತೆಗೆಯಲು ಬ್ರೋಕರ್‌ಗೆ ಡಿಡಿಪಿಐ ಎಂಬ ಅಧಿಕಾರಪತ್ರವನ್ನು ನೀವು ಮೊದಲೇ ಕೊಟ್ಟಿಲ್ಲದಿದ್ದರೆ, ಆ ದಿನ ನೀವೇ ಟಿಪಿನ್ ಎಂಬ ಗುಪ್ತಸಂಖ್ಯೆ ಹಾಕಿ ಒಪ್ಪಿಗೆ ಕೊಡದ ಕಾರಣಕ್ಕೆ ಆದೇಶ ತಿರಸ್ಕೃತವಾಗಬಹುದು. ಮೂರನೆಯದಾಗಿ, ತಿಂಗಳಿಗೆ ಶೇ 10 ಹಿಂದೆ ಮುಂದೆ ಆಡುವ ಸಣ್ಣ ಕಂಪನಿಗೆ ಶೇ 8ರ ಸ್ಟಾಪ್ ಲಾಸ್ ಹಾಕಿದರೆ ಯಾವ ಕಾರಣವೂ ಇಲ್ಲದೆ ಹೊರಬೀಳುತ್ತೀರಿ. ಷೇರಿನ ಹಿಂದಿನ ಒಂದು ವರ್ಷದ ನಕ್ಷೆ ತೆಗೆದು, ಏನೂ ಸುದ್ದಿಯಿಲ್ಲದ ತಿಂಗಳುಗಳಲ್ಲಿ ಅದು ಎಷ್ಟು ಇಳಿದು ಎದ್ದಿದೆ ನೋಡಿ, ಅದರಾಚೆಗೆ ಬೆಲೆ ಹಾಕಬೇಕು. ನನ್ನ ಮಟ್ಟಿಗೆ ಸ್ಟಾಪ್ ಲಾಸ್ ಮೊಂಡಾದ ಉಪಕರಣ. ತ್ರೈಮಾಸಿಕಕ್ಕೊಮ್ಮೆ ಪುಟ ತೆರೆದು ನೋಡುವ ಶಿಸ್ತು ಇಲ್ಲದವರಿಗೆ ಅದು ಬೇಕು, ಇರುವವರಿಗೆ ಅಷ್ಟಾಗಿ ಬೇಡ.

ಲಾಭದ ಷೇರನ್ನು ಬೇಗ ಮಾರುವುದಕ್ಕೆ ಮದ್ದು ಇನ್ನೂ ಸರಳ. ಮಾರಲು ಮೂರು ಕಾರಣಗಳನ್ನು ಮಾತ್ರ ಒಪ್ಪಿಕೊಳ್ಳಿ: ಆ ಹಣ ಮನೆಗೋ ಅಂಗಡಿಗೋ ನಿಜವಾಗಿ ಬೇಕಾಗಿದೆ, ಪುಟದಲ್ಲಿ ಬರೆದ ಕಾರಣ ಬಿದ್ದುಹೋಗಿದೆ, ಅಥವಾ ಆ ಒಂದೇ ಷೇರು ಬೆಳೆದು ಒಟ್ಟು ಹೂಡಿಕೆಯಲ್ಲಿ ಅತಿಯಾದ ಪಾಲು ಪಡೆದಿದೆ, ಆಗ ಹೆಚ್ಚಾದಷ್ಟನ್ನು ಮಾತ್ರ ಇಳಿಸಿಕೊಳ್ಳುವುದು. ಲಾಭ ಬಂತು ಎಂಬುದು ಈ ಪಟ್ಟಿಯಲ್ಲಿಲ್ಲ. ಔಷಧ ಕಂಪನಿಯನ್ನು ಮಾರಿದ ದಿನ ಇವುಗಳಲ್ಲಿ ಯಾವುದಿತ್ತು ಎಂದು ಕೇಳಿಕೊಂಡು ನೋಡಿ.

ಪರದೆಯ ಮೇಲಿನ ಅಂಕಿಯೂ ಈ ಚಾಳಿಯನ್ನು ಸಾಕುತ್ತದೆ. ಕೊಂಡ ಬೆಲೆ ಪರದೆಯಲ್ಲಿ ಎದ್ದು ಕಾಣದಂತೆ ಮಾಡಿದಾಗ ಈ ಪರಿಣಾಮ ಗಣನೀಯವಾಗಿ ಇಳಿಯಿತು ಎಂದು ಫ್ರೈಡ್‌ಮನ್ ಮತ್ತು ರಂಗೆಲ್ 2014ರಲ್ಲಿ ಪ್ರಯೋಗದ ಮೂಲಕ ತೋರಿಸಿದರು. ನಮ್ಮ ಆ್ಯಪ್‌ಗಳು ತೆರೆದ ಕೂಡಲೇ ಸರಾಸರಿ ಬೆಲೆಯನ್ನೂ ಹಸಿರು ಕೆಂಪಿನಲ್ಲಿ ಲಾಭ ನಷ್ಟವನ್ನೂ ತೋರಿಸುತ್ತವೆ. ಷೇರಿನ ಹೆಸರು, ಸಂಖ್ಯೆ, ಇಂದಿನ ಬೆಲೆ, ಒಟ್ಟಿನಲ್ಲಿ ಅದರ ಪಾಲು, ಇಷ್ಟೇ ಇರುವ ಸ್ವಂತ ಪಟ್ಟಿಯೊಂದನ್ನು ಮಾಡಿಕೊಂಡು ನಿರ್ಧಾರಗಳನ್ನು ಅದರ ಎದುರು ಕೂತು ತೆಗೆದುಕೊಳ್ಳಿ, ಆ್ಯಪ್ ಅನ್ನು ಆದೇಶ ಹಾಕಲು ಮಾತ್ರ ತೆರೆಯಿರಿ. ಮಾರುವ ಕ್ಷಣದ ನೋವಿಗೂ ಒಂದು ಉಪಾಯವಿದೆ: ನಷ್ಟದ ಷೇರು ಮಾರಿದ ದಿನವೇ ಆ ಹಣವನ್ನು ಇನ್ನೊಂದು ಹೂಡಿಕೆಗೆ, ಉದಾಹರಣೆಗೆ ನಿಫ್ಟಿ ಇಂಡೆಕ್ಸ್ ಫಂಡಿಗೆ ಹಾಕುವುದು. ಹೀಗೆ ಮಾಡಿದಾಗ ಮನಸ್ಸು ಹಳೆಯ ಖಾತೆಯನ್ನು ಮುಚ್ಚದೆ ಹೊಸದಕ್ಕೆ ವರ್ಗಾಯಿಸಿಕೊಳ್ಳುತ್ತದೆ, ಮಾರಲು ಅಷ್ಟು ಅಳುಕುವುದಿಲ್ಲ ಎಂದು 2018ರ ಒಂದು ಅಧ್ಯಯನ ಕಂಡುಕೊಂಡಿದೆ. ಕಳೆದದ್ದು ಕಳೆದ ಜಾಗದಲ್ಲೇ ಸಿಗಬೇಕೆಂದಿಲ್ಲ. ಆ ಶೇ 62 ಎಲ್ಲಿಂದ ಬಂದರೂ ನಿಮ್ಮದೇ.

ಇನ್ನು ತೆರಿಗೆ. ಇಲ್ಲಿ ನಮ್ಮ ಕಾನೂನು ನಿಮ್ಮ ಚಾಳಿಗೆ ನೇರ ವಿರುದ್ಧವಾಗಿ ನಿಂತಿರುವುದರಿಂದ ಸ್ವಲ್ಪ ನಿಧಾನವಾಗಿ ನೋಡಬೇಕು. 2024ರ ಜುಲೈ 23ರಿಂದ, ಹನ್ನೆರಡು ತಿಂಗಳೊಳಗೆ ಮಾರಿದ ನೋಂದಾಯಿತ ಷೇರಿನ ಲಾಭಕ್ಕೆ ಶೇ 20 ತೆರಿಗೆ. ಅದಕ್ಕಿಂತ ಹೆಚ್ಚು ಕಾಲ ಇಟ್ಟು ಮಾರಿದರೆ ವರ್ಷಕ್ಕೆ 1,25,000 ರೂಪಾಯಿವರೆಗಿನ ಲಾಭಕ್ಕೆ ತೆರಿಗೆಯಿಲ್ಲ, ಮೇಲಿನದಕ್ಕೆ ಶೇ 12.5. ನಿಮ್ಮ ಎರಡು ಮಾರಾಟಗಳ ಲಾಭ 18,000 ಮತ್ತು 15,000, ಒಟ್ಟು 33,000, ಎರಡೂ ಅಲ್ಪಾವಧಿಯವು. ಶೇ 4ರ ಸೆಸ್ ಸೇರಿ ತೆರಿಗೆ 6,864 ರೂಪಾಯಿ. ವರ್ಷ ತುಂಬುವವರೆಗೆ ಕಾದು ಅದೇ ಲಾಭಕ್ಕೆ ಮಾರಿದ್ದರೂ ಇದು ಸೊನ್ನೆಯಾಗುತ್ತಿತ್ತು.

ನಷ್ಟದ ಕಡೆ ಇದರ ತಿರುವುಮುರುವು. ಅಲ್ಪಾವಧಿ ನಷ್ಟವನ್ನು ಅಲ್ಪಾವಧಿ, ದೀರ್ಘಾವಧಿ ಎರಡೂ ಬಗೆಯ ಲಾಭದಲ್ಲಿ ಕಳೆಯಬಹುದು. ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭದಲ್ಲಿ ಮಾತ್ರ. ನಿಮ್ಮ 400 ಷೇರುಗಳು ಹನ್ನೊಂದನೆಯ ತಿಂಗಳಲ್ಲಿದ್ದಾಗ ಬೆಲೆ 190ರ ಆಸುಪಾಸಿನಲ್ಲಿತ್ತು ಎಂದು ನಿಮ್ಮ ವಿವರದಲ್ಲಿದೆ. ಅಂದು ಪುಟ ತೆರೆದು, ಕಾರಣಗಳು ಬಿದ್ದುಹೋಗಿವೆ ಎಂದು ಕಂಡು ಮಾರಿದ್ದರೆ 24,000 ಅಲ್ಪಾವಧಿ ನಷ್ಟವಾಗುತ್ತಿತ್ತು. ಅದನ್ನು ಈ 33,000ದಲ್ಲಿ ಕಳೆದು 9,000ಕ್ಕೆ ಮಾತ್ರ ತೆರಿಗೆ ಕಟ್ಟುತ್ತಿದ್ದಿರಿ, 4,992 ರೂಪಾಯಿ ಉಳಿಯುತ್ತಿತ್ತು. ಈಗ ಮಾರಿದರೆ ಆ 400ರ ಮೇಲಿನ 44,000 ದೀರ್ಘಾವಧಿ ನಷ್ಟವಾದ್ದರಿಂದ ಈ ವರ್ಷದ ಲಾಭಕ್ಕೆ ಅಡ್ಡ ಬರುವುದಿಲ್ಲ. ಆಮೇಲೆ ಸೇರಿಸಿದ 200ರ ಮೇಲಿನ 8,000 ಮಾತ್ರ ಕಳೆಯಲು ಸಿಗುತ್ತದೆ. ಹೀಗಾಗಿ ನಷ್ಟದಲ್ಲಿರುವ ಪ್ರತಿಯೊಂದು ಷೇರಿಗೂ ಕೊಂಡ ಹನ್ನೊಂದನೆಯ ತಿಂಗಳಲ್ಲಿ ಒಂದು ಪರಿಶೀಲನೆಯ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ಗಡುವಿನ ಬಲ ಎಷ್ಟೆಂಬುದನ್ನು ಓಡಿಯನ್ ಅವರ ಅಂಕಿಗಳೂ ತೋರಿಸುತ್ತವೆ: ಅಮೆರಿಕದ ತೆರಿಗೆ ವರ್ಷ ಮುಗಿಯುವ ಡಿಸೆಂಬರ್ ತಿಂಗಳೊಂದರಲ್ಲಿ ಅದೇ ಜನ ಲಾಭದ ಷೇರುಗಳಿಗಿಂತ ನಷ್ಟದವುಗಳನ್ನೇ ಹೆಚ್ಚಾಗಿ ಮಾರಿದ್ದರು.

ನಿಮ್ಮ ಗುತ್ತಿಗೆ ಕಂಪನಿಯ ವಿಷಯದಲ್ಲಿ ಈ ವಾರವೇ ಆ ಪುಟ ಬರೆಯಿರಿ. ಬಾಕಿಯ ದಿನಗಳು, ಸಾಲ ಮತ್ತು ಅಡವು, ಈ ಮೂರರಲ್ಲಿ ಎರಡಾದರೂ ಎರಡು ವರ್ಷದ ಹಿಂದಿಗಿಂತ ಕೆಟ್ಟಿದ್ದರೆ ಮಾರಬೇಕೆಂಬುದು ನನ್ನ ಅಭಿಪ್ರಾಯ. ಕೆಟ್ಟಿಲ್ಲವಾದರೆ ಇಟ್ಟುಕೊಳ್ಳಿ, ಆದರೆ ಇಂದಿನ ತಾರೀಖಿನ ಹೊಸ ಪುಟದೊಂದಿಗೆ, ಮತ್ತು 227 ಎಂಬ ಅಂಕಿಯನ್ನು ಕೈಬಿಟ್ಟು. ಎತ್ತಲೂ ನಿರ್ಧರಿಸಲಾಗದಿದ್ದರೆ ಮಾರಿ ಒಂದು ವಾರ ಸುಮ್ಮನಿರಿ; ಆಮೇಲೂ ಕೊಳ್ಳಬೇಕೆನಿಸಿದರೆ ಮತ್ತೆ ಕೊಳ್ಳಿ. 84,000ಕ್ಕೆ ಷೇರು ವಹಿವಾಟಿನ ತೆರಿಗೆಯಾದ ಎಸ್‌ಟಿಟಿ ಮಾರುವಾಗ 84, ಅಷ್ಟೇ ಮೊತ್ತಕ್ಕೆ ಕೊಳ್ಳುವಾಗ 84 ರೂಪಾಯಿ, ಬ್ರೋಕರೇಜ್ ಮತ್ತು ಡಿಪಿ ಶುಲ್ಕ ಬೇರೆ. ಮಾರಿದ ದಿನವೇ ಕೊಂಡರೆ ಅದು ಆ ದಿನದ ವ್ಯವಹಾರವಾಗಿ ಒಂದಕ್ಕೊಂದು ವಜಾ ಆಗುತ್ತದೆ, ನಷ್ಟ ದಾಖಲಾಗುವುದಿಲ್ಲ.

ಮಾರುವುದಾದರೆ 600ನ್ನೂ ಮಾರ್ಚ್ 31ರೊಳಗೆ, ಕೊನೆಯ ದಿನಕ್ಕೆ ಬಿಡದೆ ಮಾರಿ. ತೆರಿಗೆ ಲೆಕ್ಕದಲ್ಲಿ ಮೊದಲು ಕೊಂಡದ್ದು ಮೊದಲು ಮಾರಿದಂತೆ, ಆದ್ದರಿಂದ 200 ಮಾತ್ರ ಮಾರಿದರೆ ಹಳೆಯ 400ರಲ್ಲಿನ 200 ಹೋಗುತ್ತವೆ, ಬೇಕಾದ 8,000ದ ಅಲ್ಪಾವಧಿ ನಷ್ಟ ಸಿಗುವುದಿಲ್ಲ. ಎಲ್ಲವನ್ನೂ ಮಾರಿದರೆ ಈ ವರ್ಷದ ತೆರಿಗೆಯ ಲಾಭ 33,000ದಿಂದ 25,000ಕ್ಕೆ ಇಳಿಯುತ್ತದೆ. ಉಳಿದ 44,000ವನ್ನು ಎಂಟು ವರ್ಷಗಳವರೆಗೆ ಮುಂದಕ್ಕೆ ಒಯ್ಯಬಹುದು. ಅದು ಉಪಯೋಗಕ್ಕೆ ಬರುವುದು ಮುಂದೆ ಯಾವುದಾದರೂ ವರ್ಷ ನಿಮ್ಮ ದೀರ್ಘಾವಧಿ ಲಾಭ 1,25,000 ದಾಟಿದಾಗ. ಮಾರುವ ಮೊದಲು ಈ ಲೆಕ್ಕವನ್ನು ನಿಮ್ಮ ಆಡಿಟರ್‌ಗೆ ಒಮ್ಮೆ ತೋರಿಸಿ, ರಿಟರ್ನ್ ಅನ್ನು ನಿಮಗೆ ಅನ್ವಯಿಸುವ ಗಡುವಿನೊಳಗೇ ಸಲ್ಲಿಸಿ. ತಡವಾದರೆ ಆ ನಷ್ಟವನ್ನು ಮುಂದಕ್ಕೆ ಒಯ್ಯುವ ಹಕ್ಕು ಹೋಗುತ್ತದೆ.